ಏರಿಕೆ ಕ್ರಮದ ಇನ್‌ಪುಟ್ ಕೊಟ್ಟರೆ ಎಲ್ಲ ಉತ್ತರವೂ ಪಾಸ್

ಪ್ರಶ್ನೆ: N ಸಂಖ್ಯೆಗಳಲ್ಲಿ ಎರಡನೇ ದೊಡ್ಡದನ್ನು ಹುಡುಕುವ ಸೂಡೊಕೋಡ್ ಕೇಳಿದ್ದೆ. ಒಬ್ಬ ಹುಡುಗನ ಉತ್ತರಕ್ಕೆ 10, 25, 30, 47 ಹಾಕಿ ಟ್ರೇಸ್ ಮಾಡಿದೆ. 30 ಬಂತು, ಪೂರ್ತಿ ಅಂಕ ಕೊಟ್ಟೆ. ಮರುಮೌಲ್ಯಮಾಪನದಲ್ಲಿ ಇನ್ನೊಬ್ಬರು ಅರ್ಧಕ್ಕರ್ಧ ಅಂಕ ಕಳೆದಿದ್ದಾರೆ. ಔಟ್‌ಪುಟ್ ಸರಿ ಇದ್ದ ಮೇಲೆ ತಪ್ಪೆಲ್ಲಿ ಮೇಡಂ? ಉತ್ತರ ಇಲ್ಲಿದೆ:

```
READ N
MAX = 0
SEC = 0
I = 1
WHILE I <= N
  READ X
  IF X > MAX THEN
    SEC = MAX
    MAX = X
  ENDIF
  I = I + 1
ENDWHILE
PRINT SEC
```

ಕಳೆದವರು ಸರಿಯಾಗೇ ಕಳೆದಿದ್ದಾರೆ. ನೀವು ಟ್ರೇಸ್ ಮಾಡಿದ್ದು ಹುಡುಗನ ಲಾಜಿಕ್ಕನ್ನಲ್ಲ, ನಿಮ್ಮ ಇನ್‌ಪುಟ್ಟನ್ನು. ಅದೇ ನಾಲ್ಕು ಸಂಖ್ಯೆಗಳನ್ನು ಹಿಂದೆ ಮುಂದೆ ಮಾಡಿ, 47, 10, 30, 25 ಅಂತ ಹಾಕಿ ನೋಡಿ.

```
I   X    X>MAX   MAX   SEC
-   -     -       0     0
1   47   ಹೌದು     47    0
2   10   ಇಲ್ಲ      47    0
3   30   ಇಲ್ಲ      47    0
4   25   ಇಲ್ಲ      47    0
```

ಪ್ರಿಂಟ್ ಆಗುವುದು 0. ಕೊಟ್ಟ ಸಂಖ್ಯೆಗಳಲ್ಲಿ 0 ಇಲ್ಲವೇ ಇಲ್ಲ! ದೊಡ್ಡ ಸಂಖ್ಯೆ ಮೊದಲೇ ಬಂದುಬಿಟ್ಟರೆ ಈ ಹುಡುಗನ SEC ಗೆ ಮತ್ತೆ ಯಾರೂ ಬೆಲೆ ಹಾಕುವುದಿಲ್ಲ. ಹೊಸ MAX ಸಿಕ್ಕಾಗ ಮಾತ್ರ ಹಳೆಯದು ಕೆಳಗಿಳಿದು SEC ಆಗುತ್ತದೆ. ನಿಮ್ಮ ಇನ್‌ಪುಟ್ ಏರಿಕೆ ಕ್ರಮದಲ್ಲಿತ್ತು. ಹಾಗಾಗಿ ಪ್ರತಿ ಸಲವೂ ಹೊಸ MAX ಸಿಕ್ಕಿತು, ಪ್ರತಿ ಸಲವೂ IF ಒಳಗೇ ಹೋದಿರಿ. "ಇಲ್ಲ" ಅನ್ನುವ ದಾರಿಯಲ್ಲಿ ಏನಿದೆ ಅಂತ ನೀವು ಒಂದು ಸಲವೂ ನೋಡಲಿಲ್ಲ. ನಾವು ಮೇಷ್ಟ್ರುಗಳು ಮಾದರಿ ಇನ್‌ಪುಟ್ ಬರೆಯುವಾಗ ಕೈ ತಾನಾಗೇ ಚಿಕ್ಕದರಿಂದ ದೊಡ್ಡದಕ್ಕೆ ಓಡುತ್ತದೆ. ಈ ಒಂದು ಚಾಳಿಯಿಂದ ಎಷ್ಟು ತಪ್ಪು ಉತ್ತರಗಳು ಪಾಸಾಗಿವೆಯೋ. ನಾನೂ ಮಾಡಿದ್ದೇನೆ. ವರ್ಷಗಟ್ಟಲೆ ಇದೇ ತಪ್ಪಿಗೆ ಪೂರ್ತಿ ಅಂಕ ಕೊಟ್ಟು, ಕೊನೆಗೆ ಒಬ್ಬ ವಿದ್ಯಾರ್ಥಿನಿಯೇ ತನ್ನ ಉತ್ತರ ತಪ್ಪು ಅಂತ ಬಂದು ತೋರಿಸಿಕೊಟ್ಟಳು.

ಹಾಗಾದರೆ ಒಳ್ಳೆಯ ಇನ್‌ಪುಟ್ ಆರಿಸುವುದು ಹೇಗೆ? ಫ್ಲೋಚಾರ್ಟ್ ಆದರೆ ನಾನು ಪೆನ್ಸಿಲ್ ಹಿಡಿದು ಕೂರುತ್ತೇನೆ. ಟ್ರೇಸ್ ಮಾಡುತ್ತಾ ಹೋದ ಹಾಗೆ, ಹಾದು ಹೋದ ಪ್ರತಿ ಬಾಣದ ಮೇಲೆ ಒಂದು ಸಣ್ಣ ಗೀಟು. ಟ್ರೇಸ್ ಮುಗಿದಾಗ ಗೀಟು ಬೀಳದ ಬಾಣ ಯಾವುದು ಅಂತ ನೋಡುತ್ತೇನೆ. ನಿಮ್ಮ ಟ್ರೇಸಿನಲ್ಲಿ ವಜ್ರಾಕಾರದ ಪೆಟ್ಟಿಗೆಯ "ಇಲ್ಲ" ಬಾಣ ಪೂರಾ ಖಾಲಿ ಉಳಿಯುತ್ತಿತ್ತು. ಖಾಲಿ ಉಳಿದ ಬಾಣ ಅಂದರೆ ಪರೀಕ್ಷೆಯೇ ಆಗದ ದಾರಿ. ಅದರ ಮೇಲೆ ಹೋಗುವಂಥ ಇನ್‌ಪುಟ್ ಹುಡುಕಿ ಮತ್ತೆ ಟ್ರೇಸ್ ಮಾಡಬೇಕು. ಸೂಡೊಕೋಡಿನಲ್ಲಾದರೆ ಬಾಣದ ಬದಲು IF ಸಾಲಿನ ಪಕ್ಕದಲ್ಲಿ "ಹೌ", "ಇ" ಅಂತ ಬರೆದುಕೊಳ್ಳಿ. ಎರಡೂ ಅಕ್ಷರ ಬಿದ್ದಿರಬೇಕು.

ಇಷ್ಟಕ್ಕೇ ನಿಲ್ಲಿಸಬೇಡಿ. ಈ ಗೀಟಿನ ವಿದ್ಯೆಯನ್ನು ಅರ್ಧ ಕಲಿತವರು ಬಹಳ ಜನ. 10, 47, 5 ಹಾಕಿ ನೋಡಿ. 10 ಮತ್ತು 47 "ಹೌದು" ದಾರಿಯಲ್ಲಿ ಹೋಗುತ್ತವೆ, 5 "ಇಲ್ಲ" ದಾರಿಯಲ್ಲಿ. ಎಲ್ಲ ಬಾಣಕ್ಕೂ ಗೀಟು ಬಿತ್ತು. ಔಟ್‌ಪುಟ್ 10, ಅದೂ ಸರಿ! ಆದರೆ ತಪ್ಪು ಹಾಗೇ ಕೂತಿದೆ. ಯಾಕೆ? ಲೂಪಿನೊಳಗೆ ಈ ಹುಡುಗ ತಪ್ಪಾಗಿ ಬರೆದ ಸಾಲು ಯಾವುದೂ ಇಲ್ಲ. ಬರೆಯದೇ ಬಿಟ್ಟ ಸಾಲಿದೆ. ಇಲ್ಲದ ಪೆಟ್ಟಿಗೆಗೆ ಬಾಣವೂ ಇರುವುದಿಲ್ಲ, ಗೀಟು ಹಾಕುವುದೆಲ್ಲಿಗೆ?

ಅದಕ್ಕೇ ಇನ್‌ಪುಟ್ಟನ್ನು ಉತ್ತರ ಪತ್ರಿಕೆ ನೋಡಿ ಮಾತ್ರ ಆರಿಸಬಾರದು, ಸಮಸ್ಯೆಯನ್ನೂ ನೋಡಿ ಆರಿಸಬೇಕು. ಇಲ್ಲಿ ಎರಡು ಗೂಡುಗಳಿವೆ, MAX ಮತ್ತು SEC. ಹೊಸದಾಗಿ ಬರುವ X ಎಲ್ಲಿ ಬೀಳಬಹುದು? MAX ಗಿಂತ ಮೇಲೆ, ಎರಡರ ನಡುವೆ, ಇಲ್ಲವೇ SEC ಗಿಂತ ಕೆಳಗೆ. 5 ಬಿದ್ದದ್ದು ಕೆಳಗೆ. ಅಲ್ಲಿ ಏನೂ ಮಾಡಬೇಕಾಗಿಲ್ಲ, ಹುಡುಗನೂ ಏನೂ ಮಾಡಿಲ್ಲ, ಹಾಗಾಗಿ ಸರಿ ಹೋಯಿತು. ನಡುವೆ ಬೀಳುವ ಸಂಖ್ಯೆ ಕೊಡಿ: 10, 47, 30. ಬರಬೇಕಾದ್ದು 30, ಬರುವುದು 10. ನನಗೆ ತೀರಾ ಇಷ್ಟವಾದ ಇನ್‌ಪುಟ್ ಇದು. ಮೂರೇ ಸಂಖ್ಯೆ, ಮೂರೇ ಸುತ್ತು, ಕಳ್ಳ ಸಿಕ್ಕಿಬಿದ್ದ. ಒಂದು ಎಚ್ಚರಿಕೆ ಮಾತ್ರ: ಬರುವ 10 ಪಟ್ಟಿಯೊಳಗಿನ ಸಂಖ್ಯೆಯೇ. ಬರಬೇಕಾದ ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡಿರದಿದ್ದರೆ ದಣಿದ ಕಣ್ಣಿಗೆ 10 ಕೂಡ ಸರಿಯೇ ಅನ್ನಿಸಿಬಿಡುತ್ತದೆ. ಟ್ರೇಸ್ ಶುರು ಮಾಡುವ ಮೊದಲೇ, ಮಗುವಿನ ಸಾಲುಗಳನ್ನು ನೋಡದೆ, ಉತ್ತರವನ್ನು ಪಕ್ಕದಲ್ಲಿ ಬರೆದಿಡಿ.

ಸರಿಯಾದ ಒಳಭಾಗ ಹೀಗಿರಬೇಕಿತ್ತು:

```
IF X > MAX THEN
  SEC = MAX
  MAX = X
ELSE IF X > SEC THEN
  SEC = X
ENDIF
```

ಈಗ 47, 10, 30, 25 ಹಾಕಿದರೆ SEC ಮೊದಲು 0, ಆಮೇಲೆ 10, ಆಮೇಲೆ 30. ಕೊನೆಯ 25 ಬಂದಾಗ 30 ಹಾಗೇ ಉಳಿಯುತ್ತದೆ.

ಇನ್ನು ಆ `MAX = 0`. ಇದನ್ನು ಕಂಡ ಕೂಡಲೇ ಕೆಂಪು ಪೆನ್ನು ಎತ್ತುವವರಿದ್ದಾರೆ. ತಡೆಯಿರಿ. ಪ್ರಶ್ನೆಯಲ್ಲಿ "ವಿದ್ಯಾರ್ಥಿಗಳ ಅಂಕಗಳು" ಅಂತ ಇದ್ದರೆ ಎಲ್ಲವೂ 0 ಅಥವಾ ಅದಕ್ಕಿಂತ ಮೇಲೇ ಇರುತ್ತವೆ. ಕನಿಷ್ಠ ಎರಡು ಸಂಖ್ಯೆಗಳಿದ್ದರೆ 0 ಯಿಂದ ಶುರು ಮಾಡಿದರೆ ಏನೂ ಕೆಡುವುದಿಲ್ಲ, ಅಂಕ ಕಳೆಯಬೇಡಿ. ಬರೀ "N ಸಂಖ್ಯೆಗಳು" ಅಂತಿದ್ದರೆ ಮಾತ್ರ -5, -2, -9 ಹಾಕಿ. ಯಾವುದೂ 0 ಯನ್ನು ದಾಟುವುದಿಲ್ಲ, ಪ್ರಿಂಟ್ ಆಗುವುದು 0. ಬರಬೇಕಾದದ್ದು -5. ಆಗ ತಪ್ಪು.

ಇದನ್ನು ಸರಿಪಡಿಸಲು ಹೋಗಿ ಮಕ್ಕಳು ಇನ್ನೊಂದು ಗುಂಡಿಗೆ ಬೀಳುತ್ತಾರೆ. ಮೊದಲ ಸಂಖ್ಯೆಯನ್ನೇ MAX ಗೂ SEC ಗೂ ಹಾಕಿ, ಲೂಪನ್ನು ಎರಡನೆಯದರಿಂದ ಶುರು ಮಾಡುತ್ತಾರೆ. ನೋಡೋಕೆ ಬಹಳ ಅಚ್ಚುಕಟ್ಟು. 47, 10, 30, 25 ಹಾಕಿ. SEC ಆಗಲೇ 47 ಆಗಿ ಕೂತಿದೆ. 10 ಅದಕ್ಕಿಂತ ದೊಡ್ಡದಲ್ಲ, 30 ಅಲ್ಲ, 25 ಅಲ್ಲ. ಉತ್ತರ 47. ಅಂದರೆ ಅತಿ ದೊಡ್ಡದೇ ಎರಡನೇ ದೊಡ್ಡದೂ ಆಯಿತು. ಇದಕ್ಕೂ ನಿಮ್ಮ 10, 25, 30, 47 ಹಾಕಿದರೆ? 30 ಬರುತ್ತದೆ, ಪೂರ್ತಿ ಅಂಕ! ನನಗೆ ಆ ಇನ್‌ಪುಟ್ ಕಂಡರೆ ಯಾಕೆ ಸಿಟ್ಟು ಅಂತ ಈಗ ಗೊತ್ತಾಯಿತಲ್ವಾ.

ಸರಿಯಾದ ದಾರಿ ಅಂದರೆ ಮೊದಲ ಎರಡು ಸಂಖ್ಯೆಗಳನ್ನು ಲೂಪಿನ ಹೊರಗೇ ಓದಿ, ದೊಡ್ಡದನ್ನು MAX ಗೆ, ಇನ್ನೊಂದನ್ನು SEC ಗೆ ಹಾಕಿ, `I = 3` ರಿಂದ ಲೂಪ್ ಶುರು ಮಾಡುವುದು. ಇಲ್ಲಿ ಆ 3 ರ ಮೇಲೆ ಕಣ್ಣಿಡಿ. `I = 1` ಅಂತಲೇ ಉಳಿದಿದ್ದರೆ ನಾಲ್ಕು ಸಂಖ್ಯೆಯ ಪಟ್ಟಿಗೆ ಲೂಪ್ ಇನ್ನೂ ನಾಲ್ಕು ಕೇಳುತ್ತದೆ, ಒಟ್ಟು ಆರು. ಇದು ಸಿಕ್ಕಬೇಕಾದರೆ ಇನ್‌ಪುಟ್ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು, READ ಬಂದಾಗಲೆಲ್ಲ ಒಂದೊಂದನ್ನು ಹೊಡೆದು ಹಾಕಿ. ಚೀಟಿ ಖಾಲಿಯಾದ ಮೇಲೂ READ ಬಂದರೆ ಅಲ್ಲೇ ತಪ್ಪು. ಮನಸ್ಸಿನಲ್ಲೇ ಟ್ರೇಸ್ ಮಾಡುವವರಿಗೆ ಇದು ಕಾಣುವುದೇ ಇಲ್ಲ, ಯಾಕೆಂದರೆ ಸಂಖ್ಯೆ ಮುಗಿದ ಕೂಡಲೇ ಅವರೂ ನಿಲ್ಲಿಸಿಬಿಡುತ್ತಾರೆ. ಮಗು ನಿಲ್ಲಿಸು ಅಂತ ಬರೆದಿಲ್ಲ, ನಿಲ್ಲಿಸಿದ್ದು ನೀವು.

ಅಂಕದ ವಿಷಯ. ELSE ಭಾಗವೇ ಇಲ್ಲದ ಉತ್ತರ ಸಮಸ್ಯೆಯ ಅರ್ಧ ಭಾಗವನ್ನು ಬಿಟ್ಟಿದೆ, ಅರ್ಧ ಕಳೆದದ್ದು ನನಗೆ ಒಪ್ಪಿಗೆ. `MAX = 0` ಒಂದೇ ತಪ್ಪಾಗಿದ್ದರೆ ನಾನು ಒಂದಕ್ಕಿಂತ ಜಾಸ್ತಿ ಅಂಕ ಕಳೆಯುವುದಿಲ್ಲ. 47, 47, 30 ಬಂದಾಗ ಉತ್ತರ 47 ಆಗಬೇಕೋ 30 ಆಗಬೇಕೋ ಅಂತ ಪ್ರಶ್ನೆಯಲ್ಲೇ ಹೇಳಿಲ್ಲದಿದ್ದರೆ ಆ ಇನ್‌ಪುಟ್ ಹಾಕಿ ಮಗುವನ್ನು ಸಿಕ್ಕಿಸಬೇಡಿ. ಅದು ಪ್ರಶ್ನೆ ಬರೆದವರ ತಪ್ಪು.

ಪ್ರಶ್ನೆ: SEC = MAX, MAX = X ಈ ಎರಡು ಸಾಲನ್ನು ವಿದ್ಯಾರ್ಥಿ ಅದಲು ಬದಲು ಬರೆದಿದ್ದಾಳೆ. ಇದನ್ನು ಸಣ್ಣ ತಪ್ಪು ಅನ್ನಬಹುದಾ?

ಅನ್ನಬಾರದು. MAX ಮೊದಲೇ X ಆಗಿಬಿಟ್ಟರೆ ಹಳೆಯ ಬೆಲೆ ಹೋಯಿತು, ಆಮೇಲೆ SEC ಗೆ ಸಿಗುವುದೂ ಅದೇ X. ಟ್ರೇಸ್ ಪಟ್ಟಿಯಲ್ಲಿ ಎರಡೂ ಕಾಲಂ ಅವಳಿ ಜವಳಿಯಂತೆ ಕಾಣುತ್ತವೆ.

ಪ್ರಶ್ನೆ: ಲೂಪಿನ ಮೊದಲ ಸುತ್ತು, ಕೊನೆಯ ಸುತ್ತು ಎರಡನ್ನೇ ಟ್ರೇಸ್ ಮಾಡಿದರೆ ಸಾಕು ಅಂತ ಒಂದು ಗೈಡಿನಲ್ಲಿದೆ. ಸಮಯ ಉಳಿಯುತ್ತದೆ ಅಲ್ವಾ?

ಮೊದಲ ಸುತ್ತು ಸರಿ. ನಡುವಿನವನ್ನು ಹಾರಿದರೆ ಕೊನೆಯ ಸುತ್ತಿಗೆ MAX, SEC ಯ ಬೆಲೆ ಎಲ್ಲಿಂದ ತರುತ್ತೀರಿ? ಊಹಿಸುತ್ತೀರಿ. ಹಾಗೆ ಊಹಿಸುವಾಗ ಮಗು ಬರೆದದ್ದನ್ನಲ್ಲ, ಬರೆಯಬೇಕಿದ್ದದ್ದನ್ನು ತುಂಬುತ್ತೀರಿ. ಸಮಯ ಉಳಿಸಬೇಕಾದರೆ ಸುತ್ತು ಹಾರಬೇಡಿ, N ಚಿಕ್ಕದಿಡಿ. ಆ ಗೈಡನ್ನು ಎತ್ತಿಡಿ.

ಪ್ರಶ್ನೆ: ಸುಮ್ನೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ರನ್ ಮಾಡಿದರೆ ಆಗಲ್ವಾ?

ಟೈಪ್ ಮಾಡುವಾಗಲೇ ನಿಮ್ಮ ಬೆರಳು ಅರ್ಧ ತಪ್ಪನ್ನು ತಿದ್ದಿಬಿಡುತ್ತದೆ, ಉಳಿದರ್ಧಕ್ಕೂ ಇನ್‌ಪುಟ್ ನೀವೇ ಆರಿಸಬೇಕು.

ಪ್ರಶ್ನೆ: ವಜ್ರಾಕಾರದ ಬದಲು ಆಯತ ಹಾಕಿದ್ದಾನೆ, ಆದರೆ ಹೌದು, ಇಲ್ಲ ಬಾಣಗಳು ಸರಿಯಾಗಿವೆ. ಲಾಜಿಕ್ ತಪ್ಪಾಯಿತಾ?

ಇಲ್ಲ. ಚಿಹ್ನೆಯ ಅಂಕ ಕಳೆದು ಮುಂದೆ ಹೋಗಿ. ಆದರೆ "ಹೌದು", "ಇಲ್ಲ" ಅನ್ನುವ ಹೆಸರೇ ಇಲ್ಲದ ಎರಡು ಬಾಣ ಬಿಟ್ಟಿದ್ದರೆ ಯಾವುದು ಯಾವುದು ಅಂತ ನೀವು ಊಹಿಸಿ ಟ್ರೇಸ್ ಮುಂದುವರಿಸಬೇಡಿ. ನಾನಾದರೆ ಅಲ್ಲಿಗೇ ನಿಲ್ಲಿಸುತ್ತೇನೆ.