ಮ್ಯಾಡ್ರಿಡ್‌ನ ಲಿಫ್ಟಿನಲ್ಲಿ ಏನು ಮಾತನಾಡುವುದು?

“ಕಂಪನಿ ಮ್ಯಾಡ್ರಿಡ್‌ಗೆ ಕಳುಹಿಸಿದೆ. ಲಿಫ್ಟಿನಲ್ಲಿ ನೆರೆಯವರು, ಕಚೇರಿಯಲ್ಲಿ ಸಹೋದ್ಯೋಗಿಗಳು ಮಾತನಾಡಿಸಿದರೆ ಏನು ಹೇಳಲಿ?”

ಲಿಫ್ಟಿಗೆ ಕಾಲಿಟ್ಟೊಡನೆ ಸ್ಪ್ಯಾನಿಶ್‌ನ ಶುಭೋದಯ ‘ಬ್ವೆನೊಸ್ ದಿಯಾಸ್’ ಎನ್ನಿ. ಅಲ್ಲಿ ಊಟವೇ ತಡ; ಸುಮಾರು 2 ಗಂಟೆಯವರೆಗೂ ಇದೇ ನಡೆಯುತ್ತದೆ, ಆಮೇಲೆ ಮಧ್ಯಾಹ್ನದ ವಂದನೆ ‘ಬ್ವೆನಾಸ್ ತಾರ್ದೆಸ್’. ಇಳಿಯುವಾಗ ಮತ್ತೆ ಸಿಗೋಣ ಎನ್ನುವ ‘ಅಸ್ತ ಲ್ವೆಗೊ’ ಮರೆಯಬೇಡಿ, ಎದುರಿಗಿರುವವರು ಅಪರಿಚಿತರಾದರೂ. ತುಟಿ ಬಿಚ್ಚದೆ ಹೋದರೆ ಬಿಗುಮಾನದವರು ಎಂದುಕೊಂಡಾರು.

ಸಹೋದ್ಯೋಗಿ ‘ಕೆ ತಾಲ್?’ ಎಂದು ಹೇಗಿದ್ದೀಯೆಂದು ಕೇಳಿದರೆ ನಿದ್ದೆ, ನೆಗಡಿಯ ವರದಿ ಬೇಡ. ‘ಬ್ಯೆನ್, ಇ ತೂ?’ ಸಾಕು, ಅಂದರೆ ‘ಚೆನ್ನಾಗಿದ್ದೇನೆ, ನೀನು?’. ಮ್ಯಾನೇಜರಿಗೂ ಸಾಮಾನ್ಯವಾಗಿ ‘ತೂ’ ಎಂದೇ ಹೇಳುತ್ತಾರೆ. ಹಿರಿಯರಿಗೆ ಬಹುವಚನ ಹಚ್ಚಿ ಬೆಳೆದ ನಮಗೆ ಇದು ಮುಜುಗರವೇ. ಮೇಲಿನ ಮನೆಯ ಅಜ್ಜಿಗೆ ಮಾತ್ರ ‘ನೀವು?’ ಎಂಬರ್ಥದ ‘ಇ ಉಸ್ತೆದ್?’ ಎನ್ನಿ. ಅವರೇ ಬೇಡವೆಂದರೆ ‘ತೂ’ಗೆ ಇಳಿಯಿರಿ.

ಊಟ ಮಾಡುತ್ತಿರುವವರ ಮೇಜು ದಾಟುವಾಗ ಊಟ ಚೆನ್ನಾಗಿ ಆಗಲಿ ಎಂದು ಹಾರೈಸುವ ‘ಕೆ ಅಪ್ರೊವೆಚೆ’ ಎನ್ನಿ. ಮಾತು ಮುಂದುವರಿಯುವುದು ಹೆಚ್ಚಾಗಿ ಅಲ್ಲಿಂದಲೇ.