ರಿಮೈಂಡರ್ ಪಟ್ಟಿ ಮೂರನೇ ವಾರಕ್ಕೇ ಏಕೆ ಕೈಕೊಡುತ್ತದೆ?

ಪ್ರಶ್ನೆ: ಪರೀಕ್ಷೆಗೆ 16 ವಾರ ಇದೆ. ದಿನಕ್ಕೆ ಮೂರು ಹೊಸ ಟಾಪಿಕ್ ಓದಿ, ಪ್ರತಿಯೊಂದಕ್ಕೂ 1, 3, 7, 15, 30ನೇ ದಿನಕ್ಕೆ ಫೋನಿನಲ್ಲಿ ರಿಮೈಂಡರ್ ಇಟ್ಟೆ. ಎರಡು ವಾರ ಚೆನ್ನಾಗಿ ನಡೆಯಿತು, ಈಗ ಬಾಕಿ ರಾಶಿ ಬಿದ್ದಿದೆ. ನನಗೆ ಶಿಸ್ತಿಲ್ಲವೇ?

ಉತ್ತರ: ಶಿಸ್ತಿನ ಮಾತು ಆಮೇಲೆ. ಮೊದಲು ಕೂಡುವ ಲೆಕ್ಕ ಮಾಡಿ. ಈ ಪಟ್ಟಿಯನ್ನು ಕೊಟ್ಟವರು ಯಾರೂ ಅದನ್ನು ಮಾಡಿ ತೋರಿಸಿರುವುದಿಲ್ಲ.

ಎರಡನೇ ದಿನ ನಿಮಗೆ ಮೂರು ರಿವಿಷನ್ ಬರುತ್ತವೆ. ನಾಲ್ಕನೇ ದಿನದಿಂದ ಆರು, ಎಂಟನೇ ದಿನದಿಂದ ಒಂಬತ್ತು, ಹದಿನಾರನೇ ದಿನದಿಂದ ಹನ್ನೆರಡು, ತಿಂಗಳು ಕಳೆದ ಮೇಲೆ ದಿನವೂ ಹದಿನೈದು. ಒಂದಕ್ಕೆ ಕಾಲು ಗಂಟೆ ಎಂದರೂ ಹದಿನಾರನೇ ದಿನ ಬರೀ ರಿವಿಷನ್‌ಗೆ ಮೂರು ಗಂಟೆ ಬೇಕು. ಹೊಸ ಟಾಪಿಕ್ ಮೂರಕ್ಕೆ ತಲಾ 50 ನಿಮಿಷದಂತೆ ಎರಡೂವರೆ ಗಂಟೆ. ಒಟ್ಟು ಐದೂವರೆ ಗಂಟೆ. ದಿನಕ್ಕೆ ಐದು ಗಂಟೆ ಓದುವವರ ಪಟ್ಟಿ ಮೂರನೇ ವಾರಕ್ಕೇ ಮುರಿಯಬೇಕು, ಮುರಿಯುತ್ತದೆ. ಐದು ಗಂಟೆಯ ಪಾತ್ರೆಗೆ ಐದೂವರೆ ಗಂಟೆ ಹೊಯ್ದು, ಚೆಲ್ಲಿದ್ದಕ್ಕೆ ನಿಮ್ಮ ಮನೋಬಲವನ್ನು ದೂರಬೇಡಿ.

1-3-7-15-30 ಯಾವ ವಿಜ್ಞಾನದ ನಿಯಮವೂ ಅಲ್ಲ. ಅದರ ಜೊತೆ ಸದಾ ಹೆಸರಿಸುವ ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ್ದು, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಕಂಠಪಾಠ ಮಾಡಿ ಮರೆವನ್ನು ಅಳೆದ ಪ್ರಯೋಗ. ಪರೀಕ್ಷೆ ಬರೆಯುವವರಿಗೆಂದು ಅವರು ಇಂಥ ಪಟ್ಟಿ ಕೊಟ್ಟಿಲ್ಲ. ಅವರ ಮರೆವಿನ ವಕ್ರರೇಖೆ ಹಾಕಿ ಕೆಳಗೆ ಈ ಐದು ಸಂಖ್ಯೆ ಬರೆದ ಚಿತ್ರ ಹಂಚುವವರನ್ನು ಅವು ಎಲ್ಲಿಂದ ಬಂದವು ಎಂದು ಒಮ್ಮೆ ಕೇಳಿ ನೋಡಿ.

ನಿಜವಾಗಿ ತಿಳಿದಿರುವುದು ಇಷ್ಟು: ಪರೀಕ್ಷೆ ದೂರವಿದ್ದಷ್ಟೂ ಎರಡು ಓದುಗಳ ನಡುವಿನ ಅಂತರ ಹಿಗ್ಗಬೇಕು. ನಿಕೋಲಸ್ ಸೆಪೆಡ ಮತ್ತು ಸಂಗಡಿಗರು 2008ರಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೇಲೆ ಇದನ್ನು ಪರೀಕ್ಷಿಸಿದರು. ಒಂದು ವಾರದ ನಂತರ ನೆನಪಿರಬೇಕಾದದ್ದಕ್ಕೆ ಒಂದು ದಿನದ ಅಂತರ ಚೆನ್ನಾಗಿ ಒದಗಿತು. ಹತ್ತು ವಾರದ ನಂತರ ಬೇಕಾದದ್ದಕ್ಕೆ ಸುಮಾರು ಮೂರು ವಾರದ ಅಂತರ. ಹದಿನಾರು ವಾರ ಕೈಯಲ್ಲಿರುವವರು ಮೊದಲ ವಾರದಲ್ಲೇ ಒಂದೇ ಟಾಪಿಕ್ ಅನ್ನು ಮೂರು ಸಲ ತಿರುವಿಹಾಕುವುದು ದುಂದುವೆಚ್ಚ.

ಹಾಗಾಗಿ ಐದನ್ನು ಮೂರಕ್ಕಿಳಿಸಿ. ಓದಿದ ಎರಡು ದಿನಕ್ಕೆ ಮೊದಲ ರಿವಿಷನ್, ಅಲ್ಲಿಂದ ಒಂದು ವಾರಕ್ಕೆ ಎರಡನೆಯದು, ಅಲ್ಲಿಂದ ಮೂರು ವಾರಕ್ಕೆ ಮೂರನೆಯದು. ಸೋಮವಾರ ಓದಿದ್ದು ಬುಧವಾರ ಬರುತ್ತದೆ, ಮುಂದಿನ ಬುಧವಾರ ಬರುತ್ತದೆ, ಮತ್ತೆ ಮೂರು ವಾರ ಬಿಟ್ಟು ಬುಧವಾರವೇ ಬರುತ್ತದೆ. ದಿನಾಂಕ ಎಣಿಸುವ ಗೋಜಿಲ್ಲ. ಇನ್ನೊಂದು ಅನುಕೂಲವೂ ಇದರಲ್ಲಿದೆ. ಭಾನುವಾರ ಹೊಸದೇನನ್ನೂ ಓದದಿದ್ದರೆ ಮಂಗಳವಾರ ಯಾವ ರಿವಿಷನ್ನೂ ಬೀಳುವುದಿಲ್ಲ. ಬಾಕಿ ತೀರಿಸುವುದಕ್ಕೆ ಆ ಹೊತ್ತನ್ನೇ ಮೀಸಲಿಡಿ. ಬಾಕಿ ಇದ್ದೇ ಇರುತ್ತದೆ. ಜ್ವರ ಬರುತ್ತದೆ, ನೆಂಟರು ಬರುತ್ತಾರೆ. ಬಾಕಿಗೆ ಜಾಗವೇ ಇಲ್ಲದ ಪಟ್ಟಿಯನ್ನು ನಾನು ಪಟ್ಟಿ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈಗ ಹೊರೆ ನೋಡಿ. ತಿಂಗಳ ನಂತರವೂ ದಿನಕ್ಕೆ ಒಂಬತ್ತು ರಿವಿಷನ್ ಮೀರುವುದಿಲ್ಲ. ಮುಂದೆ ಹೇಳುವ ವಿಧಾನದಲ್ಲಿ ಒಂದಕ್ಕೆ ಹತ್ತು ನಿಮಿಷ, ಒಟ್ಟು ಒಂದೂವರೆ ಗಂಟೆ. ಹೊಸ ಓದಿನ ಎರಡೂವರೆ ಗಂಟೆ ಸೇರಿಸಿದರೆ ನಾಲ್ಕು ಗಂಟೆ. ಉಳಿದ ಒಂದು ಗಂಟೆ ಲೆಕ್ಕ ಬಿಡಿಸುವುದಕ್ಕೆ. ಹೊಸ ಟಾಪಿಕ್‌ಗಳನ್ನು ಹನ್ನೊಂದನೇ ವಾರಕ್ಕೆ ನಿಲ್ಲಿಸಿ. ವಾರಕ್ಕೆ ಆರು ದಿನ, ದಿನಕ್ಕೆ ಮೂರರಂತೆ 198 ಟಾಪಿಕ್ ಆಗುತ್ತವೆ. ಕೊನೆಯ ದಿನ ಓದಿದ್ದರ ಮೂರನೇ ರಿವಿಷನ್ ಕೂಡ ಪರೀಕ್ಷೆಗೆ ಕೆಲವು ದಿನ ಮುಂಚೆಯೇ ಮುಗಿದಿರುತ್ತದೆ. ನಿಮ್ಮ ಸಿಲಬಸ್ 198ಕ್ಕಿಂತ ದೊಡ್ಡದಾಗಿದ್ದರೆ ಟಾಪಿಕ್ ಕೈಬಿಡಿ, ರಿವಿಷನ್ ಕೈಬಿಡಬೇಡಿ. ಕೊನೆಯ ಐದು ವಾರ ಮಾಕ್ ಟೆಸ್ಟ್‌ಗಳದ್ದು. ಅದರಲ್ಲಿ ತಪ್ಪಿದ ಪ್ರತಿ ಪ್ರಶ್ನೆಯೂ ಎರಡು ದಿನದ ಮೇಲೆ ಒಮ್ಮೆ, ಅಲ್ಲಿಂದ ವಾರದ ಮೇಲೆ ಒಮ್ಮೆ ಮರಳಿ ಬಂದರೆ ಸಾಕು.

ಇನ್ನು ರಿಮೈಂಡರ್ ವಿಷಯ. ಟಾಪಿಕ್‌ಗೊಂದು ಅಲಾರಂ ಇಟ್ಟರೆ 198ಕ್ಕೆ ಮೂರರಂತೆ 594 ಅಲಾರಂ. ಹತ್ತು ದಿನದಲ್ಲಿ ಬೆರಳು ನೋಡದೆಯೇ ಅವನ್ನು ಸರಿಸಲು ಕಲಿಯುತ್ತದೆ. ಅಲಾರಂ ದಿನಕ್ಕೊಂದೇ ಇರಲಿ, ಒಂದೇ ಹೊತ್ತಿಗೆ ಇರಲಿ, ಹೇಗೂ ತಪ್ಪದ ಒಂದು ಕೆಲಸದ ಬೆನ್ನಿಗೇ ಇರಲಿ: ರಾತ್ರಿಯ ಊಟವಾದ ಮೇಲೆ, ಇಲ್ಲವೇ ಬೆಳಗ್ಗೆ ಸ್ನಾನವಾದ ಮೇಲೆ. ಯಾವ ಟಾಪಿಕ್ ಎಂಬುದು ಡೈರಿಯಲ್ಲಿರಲಿ. ದಿನಕ್ಕೊಂದು ಪುಟವಿರುವ ಡೈರಿ ಸಾಕು.

ಆ ಪುಟದಲ್ಲಿ ಏನು ಬರೆಯುತ್ತೀರಿ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ‘ಕಾಲ ಮತ್ತು ಕೆಲಸ, ರಿವಿಷನ್’ ಎಂದು ಬರೆದರೆ ನೀವು ಪುಸ್ತಕ ತೆರೆದು ಬಿಡಿಸಿದ ಲೆಕ್ಕಗಳ ಮೇಲೆ ಕಣ್ಣಾಡಿಸುತ್ತೀರಿ. ಎಲ್ಲವೂ ಪರಿಚಿತ ಎನಿಸುತ್ತದೆ, ಗೊತ್ತಿದೆ ಎಂದು ಪುಟ ಮುಚ್ಚುತ್ತೀರಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದು ಇದನ್ನೇ. ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರದ ಪರೀಕ್ಷೆಯಲ್ಲಿ, ಓದು ಕಡಿಮೆ ಮಾಡಿ ನೆನಪಿನಿಂದ ಬರೆದವರು ಅವರನ್ನು ಹಿಂದಿಕ್ಕಿದರು. ಓದುವಾಗ ಸಿಗುವ ಸಲೀಸನ್ನು ನಂಬಬೇಡಿ.

ಅದರ ಬದಲು ಟಾಪಿಕ್ ಓದಿ ಮುಗಿಸಿದ ಕೂಡಲೇ ಐದು ಪ್ರಶ್ನೆ ಮಾಡಿ, ಎರಡು ದಿನದ ಮುಂದಿನ ಪುಟದಲ್ಲಿ ಬರೆದಿಡಿ. ಉತ್ತರ ಬರೆಯಬೇಡಿ, ಪುಸ್ತಕದ ಪುಟಸಂಖ್ಯೆ ಹಾಕಿ. ಉದಾಹರಣೆಗೆ: ‘ಒಬ್ಬ 12 ದಿನದಲ್ಲಿ, ಇನ್ನೊಬ್ಬ 18 ದಿನದಲ್ಲಿ ಮುಗಿಸುವ ಕೆಲಸವನ್ನು ಇಬ್ಬರೂ ಕೂಡಿ ಶುರುಮಾಡಿದರು. ಕೆಲಸ ಮುಗಿಯಲು 3 ದಿನ ಇರುವಾಗ ಮೊದಲನೆಯವನು ಬಿಟ್ಟುಹೋದ. ಒಟ್ಟು ಎಷ್ಟು ದಿನ?’ ಮೊದಲನೆಯವನು ಆರು ದಿನ ದುಡಿದು ಅರ್ಧ ಮಾಡಿದ, ಎರಡನೆಯವನು ಒಂಬತ್ತು ದಿನ ದುಡಿದು ಉಳಿದರ್ಧ ಮಾಡಿದ, ಉತ್ತರ 9. ಬುಧವಾರ ಇದನ್ನು ಬಿಡಿಸಿದ ಮೇಲೆ ಮುಂದಿನ ಬುಧವಾರದ ಪುಟಕ್ಕೆ ಹಾಕುವಾಗ ಅಂಕಿ ಬದಲಿಸಿ: 20 ದಿನ, 30 ದಿನ, 5 ದಿನ ಮೊದಲು ಬಿಟ್ಟುಹೋದ. ಉತ್ತರ 15. ಅಂಕಿ ಬದಲಿಸದಿದ್ದರೆ ನೆನಪಿನಲ್ಲಿ ಉಳಿಯುವುದು 9, ವಿಧಾನ ಅಲ್ಲ.

ವಿವರಣೆಯ ವಿಷಯವಾದರೆ ಹೆಸರು ಕೇಳಿ ಬಿಡಬೇಡಿ, ಗೊಂದಲ ಹುಟ್ಟುವ ಜಾಗವನ್ನೇ ಕೇಳಿ. ‘ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವುದು ಅಭಿಧಮನಿಯೋ ಅಪಧಮನಿಯೋ? ಅದರಲ್ಲಿ ಆಮ್ಲಜನಕ ತುಂಬಿದ ರಕ್ತವಿದ್ದರೂ ಆ ಹೆಸರು ಏಕೆ?’ ಅಭಿಧಮನಿ, ಏಕೆಂದರೆ ನಾಳದ ಹೆಸರು ನಿರ್ಧಾರವಾಗುವುದು ರಕ್ತ ಹೃದಯದ ಕಡೆಗೆ ಹರಿಯುತ್ತದೆಯೋ ಹೃದಯದಿಂದ ಆಚೆಗೆ ಹರಿಯುತ್ತದೆಯೋ ಎನ್ನುವುದರಿಂದ. ಪ್ರಶ್ನೆಪತ್ರಿಕೆ ತಯಾರಿಸುವವರು ಹುಡುಕುವುದೂ ಇಂಥ ಜಾಗಗಳನ್ನೇ.

ಹತ್ತು ನಿಮಿಷದಲ್ಲಿ ಆರು ನಿಮಿಷ ಪುಸ್ತಕ ಮುಚ್ಚಿ ಬರೆಯಿರಿ, ನಾಲ್ಕು ನಿಮಿಷ ತೆರೆದು ತಾಳೆ ನೋಡಿ. ಮನಸ್ಸಿನಲ್ಲೇ ಉತ್ತರ ಹೇಳಿಕೊಂಡರೆ ನಡೆಯುವುದಿಲ್ಲ. ಮನಸ್ಸು ತನಗೆ ತಾನೇ ಅಂಕ ಧಾರಾಳವಾಗಿ ಕೊಡುತ್ತದೆ.

ಐದರಲ್ಲಿ ಮೂರು ಸರಿಯಿದ್ದರೆ ಮುಂದಿನ ಅಂತರಕ್ಕೆ ದಾಟಿಸಿ. ಮೊದಲ ರಿವಿಷನ್ನಿನಲ್ಲೇ ಮೂರು ತಪ್ಪಿದರೆ ಮರೆವನ್ನು ದೂರಬೇಡಿ, ಆ ಟಾಪಿಕ್ ಮೊದಲ ಓದಿನಲ್ಲೇ ಅರ್ಥವಾಗಿಲ್ಲ. ಮರಳಿ ಓದಿ, ಎರಡು ದಿನದಿಂದ ಶುರುಮಾಡಿ. ಎರಡನೆಯದರಲ್ಲಿ ತಪ್ಪಿದರೂ ಎರಡು ದಿನಕ್ಕೇ ಮರಳಿಸಿ. ಮೂರನೆಯದರಲ್ಲಿ ತಪ್ಪಿದರೆ ಒಂದು ವಾರಕ್ಕೆ ಹಾಕಿದರೆ ಸಾಕು, ಬುಡದಿಂದ ಬೇಡ. ಹಾಗೆಂದು ವಾರಗಟ್ಟಲೆ ಎಲ್ಲ ಉತ್ತರವೂ ಸರಿಯಾಗುತ್ತಿದ್ದರೆ ಖುಷಿಪಡಬೇಡಿ, ನಿಮ್ಮ ಪ್ರಶ್ನೆಗಳು ಸಪ್ಪೆ. ತುಸು ತಿಣುಕಿ ನೆನಪಿಗೆ ಬರುವುದೇ ಸರಿಯಾದ ಅಂತರದ ಗುರುತು.

ಈಗಿರುವ ಬಾಕಿ ರಾಶಿಯನ್ನು ಏನು ಮಾಡುವುದು? ಬಹುತೇಕರು ಹಳೆಯ ಬಾಕಿಯಿಂದ ಶುರುಮಾಡುತ್ತಾರೆ. ಅದು ತಲೆಕೆಳಗು. ಮೂರು ವಾರದ ಅಂತರ ನಾಲ್ಕು ದಿನ ತಡವಾದರೆ ಏನೂ ಮುಳುಗುವುದಿಲ್ಲ. ಎರಡು ದಿನದ ಅಂತರ ಆರು ದಿನವಾದರೆ ಟಾಪಿಕ್ ಬಹುಪಾಲು ಹೊಸದಾಗಿಯೇ ಓದಬೇಕಾಗುತ್ತದೆ. ಆದ್ದರಿಂದ ಮೊದಲು ಎರಡು ದಿನದ ಬಾಕಿ, ಆಮೇಲೆ ವಾರದ್ದು, ಕೊನೆಗೆ ಮೂರು ವಾರದ್ದು. ಮುಂದಿನ ಅಂತರವನ್ನು ಮಾಡಬೇಕಿದ್ದ ದಿನದಿಂದ ಎಣಿಸಬೇಡಿ, ಮಾಡಿದ ದಿನದಿಂದ ಎಣಿಸಿ. ಒಂದು ವಾರ ಹೊಸ ಟಾಪಿಕ್ ನಿಲ್ಲಿಸಿ ರಾಶಿ ಕರಗಿಸಿ. ಎರಡು ಮಂಗಳವಾರ ಸತತ ಬಾಕಿ ಉಳಿದರೆ ದಿನಕ್ಕೆ ಮೂರು ಹೊಸ ಟಾಪಿಕ್ ನಿಮಗೆ ಹೆಚ್ಚು, ಎರಡಕ್ಕಿಳಿಸಿ. ರಾತ್ರಿ ಎರಡು ಗಂಟೆಯವರೆಗೆ ಎದ್ದು ಕೂತು ಒಂದೇ ಸಲಕ್ಕೆ ಎಲ್ಲ ತೀರಿಸುವ ಸಾಹಸ ಮಾಡಬೇಡಿ. ನಿದ್ದೆಗೆಟ್ಟ ತಲೆಯಲ್ಲಿ ಮರುದಿನದ ಮೂರು ಹೊಸ ಟಾಪಿಕ್‌ಗಳೂ ನಿಲ್ಲುವುದಿಲ್ಲ.

ಪ್ರಶ್ನೆ: 21 ದಿನ ಬಿಡದೆ ಮಾಡಿದರೆ ಓದು ಅಭ್ಯಾಸವಾಗಿಬಿಡುತ್ತದಂತೆ, ನಿಜವೇ?

ಉತ್ತರ: ಸುಳ್ಳು. ಆ ಸಂಖ್ಯೆ 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ ಬರೆದ ಪುಸ್ತಕದಿಂದ ಹರಡಿದ್ದು. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಹಿಡಿಯುವ ಕನಿಷ್ಠ ಸಮಯದ ಬಗ್ಗೆ ಅವರು ಹೇಳಿದ್ದನ್ನು ಭಾಷಣಕಾರರು ಎಲ್ಲದಕ್ಕೂ ಅಂಟಿಸಿದರು. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ಅಳೆದಾಗ ದಿನನಿತ್ಯದ ಸಣ್ಣ ಅಭ್ಯಾಸಗಳಿಗೂ 18ರಿಂದ 254 ದಿನ ಬೇಕಾಯಿತು, ನಡುವಿನ ಅಂಕಿ 66. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಹಾಗಾಗಿ ಒಂದು ದಿನ ತಪ್ಪಿತೆಂದು ಮತ್ತೆ ಮೊದಲಿನಿಂದ ಎಣಿಸುವ ಶಾಸ್ತ್ರ ಬಿಡಿ, ಮತ್ತು ದಿನದ ಅಲಾರಂ ಅನ್ನು 22ನೇ ದಿನ ತೆಗೆದುಹಾಕಬೇಡಿ.

ಪ್ರಶ್ನೆ: ಪರೀಕ್ಷೆಗೆ 20 ದಿನ ಮಾತ್ರ ಉಳಿದಿದೆ. ಮೂರು ಅಂತರ ಹೇಗೆ ಹೊಂದಿಸಲಿ?

ಉತ್ತರ: ಹೊಂದಿಸಬೇಡಿ. ಓದಿದ ಒಂದು ದಿನದ ಮೇಲೆ ಒಮ್ಮೆ, ಅಲ್ಲಿಂದ ಐದು ದಿನದ ಮೇಲೆ ಒಮ್ಮೆ, ಅಷ್ಟೇ.

ಪ್ರಶ್ನೆ: ನೆನಪಿನ ಶಕ್ತಿ ಹೆಚ್ಚಿಸುವ ಪುಡಿ, ಮಾತ್ರೆ ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. ಈ ಪ್ರಶ್ನೆಯನ್ನು ಇನ್ನು ಮುಂದೆ ಕಳಿಸಲೂ ಬೇಡಿ.

ಪ್ರಶ್ನೆ: ಡೈರಿ ಬದಲು, ಪ್ರಶ್ನೆ-ಉತ್ತರದ ಕಾರ್ಡ್‌ಗಳನ್ನು ತೋರಿಸುವ ಆಂಕಿಯಂಥ ಆಪ್ ಬಳಸಬಹುದೇ?

ಉತ್ತರ: ಪದಗಳ ಅರ್ಥ, ಇಸವಿ, ಸೂತ್ರ ಇಂಥ ಬಿಡಿ ಸಂಗತಿಗಳಿಗೆ ಧಾರಾಳವಾಗಿ ಬಳಸಿ, ಹಲವು ಹಂತದ ಲೆಕ್ಕಕ್ಕೆ ಬೇಡ, ಏಕೆಂದರೆ ಕಾರ್ಡ್ ತನ್ನ ಅಂಕಿಯನ್ನು ತಾನೇ ಬದಲಿಸುವುದಿಲ್ಲ. ದಿನಕ್ಕೆ 20 ಹೊಸ ಕಾರ್ಡ್ ಎಂದು ಮೊದಲೇ ಇರುವ ಮಿತಿಯನ್ನು 10ಕ್ಕಿಳಿಸಿ, ಇಲ್ಲದಿದ್ದರೆ ಮೇಲಿನ ಲೆಕ್ಕವೇ ಅಲ್ಲೂ ಮರುಕಳಿಸುತ್ತದೆ. ಬೇರೆಯವರು ಮಾಡಿಟ್ಟ ಕಾರ್ಡ್‌ಗಳ ಕಟ್ಟನ್ನು ಇಳಿಸಿಕೊಳ್ಳಬೇಡಿ. ನೀವು ಓದದೇ ಇದ್ದುದನ್ನು ಅದು ನಿಮಗೆ ನೆನಪಿಸಲಾರದು.