ಪಾಸಾಗದ ಚೆಕ್ಕುಗಳನ್ನು ನಗದು ಪುಸ್ತಕದಲ್ಲಿ ತಿರುಗಿಸಿ ಬರೆಯಬೇಡಿ

ಪ್ರಶ್ನೆ: "ಚಿಂತಾಮಣಿಯಲ್ಲಿ ನಮ್ಮದು ಗೊಬ್ಬರದ ಅಂಗಡಿ. ಮಾರ್ಚ್ 31ಕ್ಕೆ ನಗದು ಪುಸ್ತಕದ ಬ್ಯಾಂಕ್ ಬಾಕಿ 1,84,300, ಪಾಸ್‌ಬುಕ್ಕಿನಲ್ಲಿ 2,31,064. ನಾವು ಕೊಟ್ಟ 42,000 ಮತ್ತು 36,500ರ ಚೆಕ್ಕುಗಳು ಪಾಸಾಗಿಲ್ಲ, ನಾವು ಹಾಕಿದ 25,000ದ ಚೆಕ್ಕು ಜಮಾ ಆಗಿಲ್ಲ. ಮೂರನ್ನೂ ಪುಸ್ತಕದಲ್ಲಿ ತಿರುಗಿಸಿ ಬರೆದೆ. ಆದರೂ 6,736 ವ್ಯತ್ಯಾಸ ಉಳಿಯಿತು, ಅದನ್ನು ಅನಾಮತ್ತು ಖಾತೆಗೆ ಹಾಕಿದ್ದೇನೆ. ಸರಿಯೇ? ಎರಡೂ ಪುಸ್ತಕಗಳ ಫೋಟೊ ಹಾಕಿದ್ದೇನೆ."

ಮಾನ್ಯರೇ, ಆ ನಾಲ್ಕು ನಮೂದುಗಳನ್ನೂ ಇಂದೇ ರದ್ದು ಮಾಡಿ. ನಮ್ಮ ಕೋಲಾರದ ಪೈಪು ಅಂಗಡಿಯಲ್ಲೂ ಒಂದು ವರ್ಷ ಹೀಗೆಯೇ ಬರೆದಿದ್ದೆವು. ಪುಸ್ತಕದಲ್ಲಿ ಕೊಡಬೇಕಾದ ಬಾಕಿ ಕಾಣುತ್ತಿದ್ದ ಕಾರಣ ಸರಬರಾಜುದಾರರಿಗೆ ಇನ್ನೊಂದು ಚೆಕ್ಕು ಹೋಯಿತು, ಏಪ್ರಿಲ್‌ನಲ್ಲಿ ಎರಡೂ ಪಾಸಾದವು. ಚೆಕ್ಕನ್ನು ಬರೆದು ಕೊಟ್ಟ ದಿನವೇ ನಿಮ್ಮ ಮಟ್ಟಿಗೆ ಪಾವತಿ ಮುಗಿದಿದೆ. ಅದನ್ನು ಪಡೆದವರು ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದರೆ ನಿಮ್ಮ ಪುಸ್ತಕ ಏಕೆ ಬದಲಾಗಬೇಕು? ಪಾಸಾಗದ ಚೆಕ್ಕುಗಳ ಜಾಗ ಹೊಂದಾಣಿಕೆ ಪಟ್ಟಿಯೇ ಹೊರತು ನಗದು ಪುಸ್ತಕವಲ್ಲ.

ಇನ್ನು 6,736. ಇದು ಸಣ್ಣ ಮೊತ್ತವೆಂದು ಅನಾಮತ್ತಿಗೆ ತಳ್ಳಿದ್ದೀರಿ, ಆದರೆ ಇದು ಒಂದು ಮೊತ್ತವೇ ಅಲ್ಲ. ಇದರೊಳಗೆ ಮೂರು ಸಂಗತಿಗಳು ಅಡಗಿವೆ. ನೀವು ನಗದು ಪುಸ್ತಕವನ್ನು ಮುಂದಿಟ್ಟುಕೊಂಡು ಅದರ ಸಾಲುಗಳನ್ನು ಪಾಸ್‌ಬುಕ್ಕಿನಲ್ಲಿ ಹುಡುಕಿದ್ದೀರಿ, ಪಾಸ್‌ಬುಕ್ಕಿನ ಸಾಲುಗಳನ್ನು ಪುಸ್ತಕದಲ್ಲಿ ಹುಡುಕಿಲ್ಲ. ನಾನು ಎರಡು ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳುತ್ತೇನೆ: ಪುಸ್ತಕದಿಂದ ಪಾಸ್‌ಬುಕ್ಕಿಗೆ ಹೋಗುವಾಗ ನೀಲಿ, ಪಾಸ್‌ಬುಕ್ಕಿನಿಂದ ಪುಸ್ತಕಕ್ಕೆ ಮರಳುವಾಗ ಕೆಂಪು. ಪುಸ್ತಕದ ಪಾವತಿ ಬದಿಯ ಮೊತ್ತ ಪಾಸ್‌ಬುಕ್ಕಿನ ಕಡಿತದ ಕಾಲಮ್ಮಿನಲ್ಲಿಯೂ, ಸ್ವೀಕೃತಿ ಬದಿಯದು ಜಮಾ ಕಾಲಮ್ಮಿನಲ್ಲಿಯೂ ಸಿಗಬೇಕು. ಮೊತ್ತ ಒಂದೇ ಎಂದು ಗುರುತು ಹಾಕಿಬಿಡಬಾರದು, ಚೆಕ್ಕಿನ ಸಂಖ್ಯೆಯೂ ಕೂಡಬೇಕು; ನಿಮ್ಮ ವ್ಯಾಪಾರದಲ್ಲಿ ಒಂದೇ ಮೊತ್ತದ ಚೆಕ್ಕುಗಳು ಬಹಳ.

ನಿಮ್ಮ ಫೋಟೊದಲ್ಲಿ ಮಾರ್ಚ್ 14ರಂದು 18,500 ಜಮಾ ಆಗಿದೆ, ಅದಕ್ಕೆ ನೀವು ಗುರುತು ಹಾಕಿದ್ದೀರಿ. ಮುಂದಿನ ಪುಟದಲ್ಲಿ 17ರಂದು ಅದೇ 18,500 ಕಡಿತವಾಗಿದೆ, ಅದರ ಕೆಳಗೇ 236 ಕಡಿತವಿದೆ. ಅಂದರೆ ಗಿರಾಕಿಯ ಚೆಕ್ಕು ವಾಪಸ್ ಬಂದಿದೆ; 236 ಎಂದರೆ 200 ರೂಪಾಯಿ ಶುಲ್ಕ ಮತ್ತು ಶೇಕಡ 18ರ ಜಿಎಸ್‌ಟಿ 36. ಜಮಾ ಆದ ಸಾಲಿಗೆ ಗುರುತು ಬಿದ್ದೊಡನೆ ಆ ಚೆಕ್ಕು ಕಣ್ಣಿನಿಂದ ಮರೆಯಾಗುತ್ತದೆ, ಆದ್ದರಿಂದಲೇ ವಾಪಸಾದ ಚೆಕ್ಕುಗಳು ಇಷ್ಟು ಸುಲಭವಾಗಿ ತಪ್ಪಿಸಿಕೊಳ್ಳುತ್ತವೆ. ಮೂರನೆಯದು, 22ರಂದು ಮೊಬೈಲ್ ಮೂಲಕ ಬಂದಿರುವ 12,000. ಅದು ನಿಮ್ಮ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. 18,500ಕ್ಕೆ 236 ಕೂಡಿಸಿ 12,000 ಕಳೆದರೆ ನಿಮ್ಮ 6,736 ಸರಿಯಾಗಿ ಬರುತ್ತದೆ. ಗಿರಾಕಿಯೊಬ್ಬರಿಂದ 18,500 ಬರಬೇಕಿದೆ ಎಂಬುದೇ ಈ ಸಣ್ಣ ಅಂಕಿಯ ಹಿಂದೆ ಮುಚ್ಚಿಹೋಗಿತ್ತು.

ಈ ಮೂರು ಮಾತ್ರ ನಗದು ಪುಸ್ತಕಕ್ಕೆ ಬರಬೇಕು, ಮಾರ್ಚ್ ತಿಂಗಳಿನಲ್ಲಿಯೇ ಬರಬೇಕು. 1,84,300ರಿಂದ 18,500 ಮತ್ತು 236 ಕಳೆದು 12,000 ಕೂಡಿಸಿದರೆ ತಿದ್ದಿದ ಬಾಕಿ 1,77,564. ನಿಮ್ಮ ಆಸ್ತಿ-ಹೊಣೆ ಪಟ್ಟಿಗೆ ಹೋಗಬೇಕಾದ ಅಂಕಿ ಇದು, ಪಾಸ್‌ಬುಕ್ಕಿನದಲ್ಲ. ಆ ಮೇಲೆ ಬೇರೆ ಹಾಳೆಯಲ್ಲಿ ಪಟ್ಟಿ ಬರೆಯಿರಿ: 1,77,564ಕ್ಕೆ ಪಾಸಾಗದ 42,000 ಮತ್ತು 36,500, ಒಟ್ಟು 78,500 ಕೂಡಿಸಿ, ಜಮಾ ಆಗದ 25,000 ಕಳೆಯಿರಿ; 2,31,064 ಬರುತ್ತದೆ. ಪ್ರತಿ ಚೆಕ್ಕಿನ ಎದುರು ಸಂಖ್ಯೆ, ತಾರೀಖು ಮತ್ತು ಯಾರಿಗೆ ಎಂಬುದಿರಲಿ. ಏಪ್ರಿಲ್‌ನಲ್ಲಿ ಪಾಸಾದ ದಿನವನ್ನು ಬರೆಯಲು ಒಂದು ಕಾಲಮ್ ಖಾಲಿ ಬಿಡಿ. ಆ ಕಾಲಮ್ ತುಂಬುವವರೆಗೆ ಪಟ್ಟಿಯನ್ನು ಕಡತದೊಳಗೆ ಸೇರಿಸಬಾರದು.

ಮೊತ್ತ ಕೂಡಿತೆಂದು ಚೆಕ್ಕುಗಳನ್ನು ಮರೆಯುವಂತೆಯೂ ಇಲ್ಲ. 36,500ರ ಚೆಕ್ಕಿನ ತಾರೀಖು ಜನವರಿ 12. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2012ರ ಏಪ್ರಿಲ್ 1ರಿಂದ ಚೆಕ್ಕಿಗೆ ಇರುವುದು ಮೂರೇ ತಿಂಗಳ ಅವಧಿ, ಹಾಗಾಗಿ ಏಪ್ರಿಲ್ ಎರಡನೆಯ ವಾರಕ್ಕೆ ಅದು ಮುಗಿಯುತ್ತದೆ. ಅದನ್ನು ಪಡೆದ ಗೋದಾಮಿನ ಮಾಲೀಕರಿಗೆ ಫೋನ್ ಮಾಡಿ, ಕಳೆದುಹೋಗಿದ್ದರೆ ಬ್ಯಾಂಕಿಗೆ ಪಾವತಿ ತಡೆಯಲು ಪತ್ರ ಕೊಟ್ಟು ಹೊಸದನ್ನು ಬರೆಯಿರಿ. ಅವಧಿ ಮುಗಿದ ಚೆಕ್ಕನ್ನು ಏಪ್ರಿಲ್‌ನಲ್ಲಿ ರದ್ದು ಮಾಡಬೇಕು, ಮಾರ್ಚ್‌ಗೆ ಹಿಂದೆ ಹಾಕಬಾರದು. ಆ ಮೊತ್ತವನ್ನು ಅವರ ಖಾತೆಗೇ ಮರಳಿ ಜಮಾ ಮಾಡಬೇಕೆಂಬುದು ನನ್ನ ಅಭಿಪ್ರಾಯ. ನಮ್ಮ ಲೆಕ್ಕ ಪರಿಶೋಧಕರು ಹಳೆಯ ಚೆಕ್ಕುಗಳಿಗೆ ಪ್ರತ್ಯೇಕ ಖಾತೆ ಬೇಕೆನ್ನುತ್ತಾರೆ, ಆ ವಾದ ನಮ್ಮಲ್ಲಿ ಇನ್ನೂ ಮುಗಿದಿಲ್ಲ.

25,000ದ ಚೆಕ್ಕನ್ನು ನೀವು 31ರ ಸಂಜೆ ಡಬ್ಬಿಗೆ ಹಾಕಿರುವುದರಿಂದ ಮತ್ತು ಏಪ್ರಿಲ್ 1 ಬ್ಯಾಂಕುಗಳ ವಾರ್ಷಿಕ ಲೆಕ್ಕದ ದಿನವಾದ್ದರಿಂದ ಅದು ಪಟ್ಟಿಯಲ್ಲಿರುವುದು ಸಹಜ. ಆದರೆ 2025ರ ಅಕ್ಟೋಬರ್ 4ರಿಂದ ಚೆಕ್ಕುಗಳ ಚಿತ್ರ ದಿನವಿಡೀ ಹೋಗುತ್ತಿರುತ್ತದೆ, ಬಹುತೇಕ ಅದೇ ದಿನ ತೀರ್ಮಾನವಾಗುತ್ತದೆ. ಹೀಗಾಗಿ ಹಾಕಿದ ಚೆಕ್ಕು ನಾಲ್ಕೈದು ಕೆಲಸದ ದಿನ ಕಳೆದರೂ ಜಮಾ ಆಗದಿದ್ದರೆ ಕೌಂಟರ್ ಫಾಯಿಲ್ ಹಿಡಿದು ಶಾಖೆಗೆ ಹೋಗಿ. ಹಿಂದಿನಂತೆ "ಬರುತ್ತದೆ ಬಿಡಿ" ಎಂದು ತಿಂಗಳುಗಟ್ಟಲೆ ಪಟ್ಟಿಯಲ್ಲಿ ಇಟ್ಟುಕೊಳ್ಳುವ ಕಾಲ ಹೋಯಿತು.

18,500ರ ವಿಷಯ ಇನ್ನೂ ಅವಸರದ್ದು. ವಾಪಸಾತಿಯ ಮೆಮೊ ನಿಮ್ಮ ಕೈಗೆ ಬಂದ ದಿನದಿಂದ 30 ದಿನಗಳೊಳಗೆ ಲಿಖಿತ ನೋಟಿಸ್ ಹೋಗದಿದ್ದರೆ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮಿನಂತೆ ಮೊಕದ್ದಮೆ ಹೂಡುವ ದಾರಿ ಆ ಸಲಕ್ಕೆ ಮುಚ್ಚಿಹೋಗುತ್ತದೆ. ಹಳೆಯ ಗಿರಾಕಿ ಎಂದು ನೋಟಿಸ್ ಕೊಡದಿರುವುದು ನಿಮ್ಮ ಇಚ್ಛೆ, ಆದರೆ ಗೊತ್ತೇ ಇಲ್ಲದೆ ಅವಧಿ ಕಳೆಯಬಾರದು. ಆ 12,000 ಯಾರದೆಂದು ಫೋಟೊದಿಂದ ತಿಳಿಯದು, ಸಾಲಿನಲ್ಲಿ ಉಲ್ಲೇಖ ಸಂಖ್ಯೆ ಮಾತ್ರ ಇದೆ. ಕಳಿಸಿದವರು ಸಿಗುವವರೆಗೆ ಅನಾಮತ್ತು ಖಾತೆ ಬೇಕಾಗಿರುವುದು ಇದೊಂದಕ್ಕೆ ಮಾತ್ರ.

ಟ್ಯಾಲಿ ಹಾಕಿಕೊಂಡರೆ ಎಲ್ಲವೂ ತಾನಾಗಿ ಆಗುತ್ತದೆ ಎಂದು ತುಮಕೂರಿನ ಸದಸ್ಯರು ಮೇಲೆ ಬರೆದಿದ್ದಾರೆ. ಅರ್ಧ ನಿಜ. ಪಟ್ಟಿಯನ್ನು ಅದು ಅಚ್ಚುಕಟ್ಟಾಗಿ ಕೊಡುತ್ತದೆ, ನಾನೂ ಬಳಸುತ್ತೇನೆ. ಆದರೆ Bank Date ಎಂಬಲ್ಲಿ ಪಾಸ್‌ಬುಕ್ಕಿನ ತಾರೀಖನ್ನು ನೋಡಿ ತುಂಬಬೇಕು. ಬೇಗ ಮುಗಿಯಲೆಂದು ಚೆಕ್ಕಿನ ತಾರೀಖನ್ನೇ ಸಾಲಾಗಿ ತುಂಬುವ ಹುಡುಗರನ್ನು ಕಂಡಿದ್ದೇನೆ, ಆಗ ಪಾಸಾಗದ ಚೆಕ್ಕು ಒಂದೂ ಕಾಣಿಸುವುದಿಲ್ಲ. ಪಾಸ್‌ಬುಕ್ ಮುದ್ರಿಸುವ ಯಂತ್ರವನ್ನೂ ನಾನು ಪೂರ್ತಿ ನಂಬುವುದಿಲ್ಲ, ಪುಟ ಸರಿಯಾಗಿ ಕೂರದಿದ್ದರೆ ಸಾಲಿನ ಮೇಲೆ ಸಾಲು ಬೀಳುತ್ತದೆ. ವರ್ಷಾಂತ್ಯದ ಲೆಕ್ಕಕ್ಕೆ ಶಾಖೆಯಿಂದ ಸ್ಟೇಟ್‌ಮೆಂಟ್ ತೆಗೆದುಕೊಳ್ಳಿ.

ತಿಪಟೂರಿನ ಕೊಬ್ಬರಿ ವರ್ತಕರು ತಮ್ಮ ಓವರ್‌ಡ್ರಾಫ್ಟ್ ಬಡ್ಡಿ ಹೆಚ್ಚಾಗಿದೆ ಎಂದು ಕೇಳಿದ್ದಾರೆ, ಅದು ಈ ಪ್ರಶ್ನೆಯಲ್ಲ. ಆದರೆ ಓವರ್‌ಡ್ರಾಫ್ಟ್ ಖಾತೆಗೆ ಪಟ್ಟಿ ಮಾಡುವವರು ಬಾಕಿಯ ಮುಂದೆ ಕಳೆಯುವ ಚಿಹ್ನೆ ಹಾಕಿಕೊಂಡು ಮೇಲಿನ ಕ್ರಮದಲ್ಲಿಯೇ ನಡೆದರೆ ಸಾಕು. ಬ್ಯಾಂಕ್ ಹಾಕಿದ ಬಡ್ಡಿ ಮಾತ್ರ ಮೊದಲ ಹಂತದಲ್ಲಿಯೇ, ಶುಲ್ಕದ ಜೊತೆಗೆ, ನಗದು ಪುಸ್ತಕಕ್ಕೆ ಹೋಗಬೇಕು.